ಹಳೆಯ ವಿದ್ಯಾರ್ಥಿಗಳ ಸಮಾವೇಶ: ಅತಿಥಿಗಳ ಪರಿಚಯ ಮತ್ತು ಸ್ವಾಗತ

ವೇದಿಕೆಯ ಮೇಲಿರುವ ಗುರುವೃಂದಕ್ಕೆ ಹಾಗೂ ದೂರದೂರುಗಳಿಂದ ಬಂದು ಸೇರಿರುವ ಹಳೆಯ ವಿದ್ಯಾರ್ಥಿ ಬಂಧುಗಳಿಗೆ ಆತ್ಮೀಯ ನಮಸ್ಕಾರಗಳು.

ಇಂದಿನ ಅತಿಥಿ ಡಾ. ಸುಮಿತ್ರಾ ಅವರು 1994ರಲ್ಲಿ ಇದೇ ಕಾಲೇಜಿನಿಂದ ವಿಜ್ಞಾನ ಪದವಿ ಪಡೆದು, ಮುಂದೆ ಮಣ್ಣು ವಿಜ್ಞಾನದಲ್ಲಿ ಸಂಶೋಧನೆ ನಡೆಸಿ, ಕಳೆದ 20 ವರ್ಷಗಳಿಂದ ರೈತರ ಹೊಲಗಳಲ್ಲೇ ನಿಂತು ಮಣ್ಣಿನ ಫಲವತ್ತತೆಯನ್ನು ಉಳಿಸಿಕೊಳ್ಳುವ ಬಗೆಯನ್ನು ತಿಳಿಸಿಕೊಡುತ್ತ ಬಂದಿದ್ದಾರೆ. ಪಾಠದ ಗಂಟೆ ಮುಗಿದು ಎಲ್ಲರೂ ಹೊರಟ ಮೇಲೂ, ಪ್ರಯೋಗಾಲಯದ ಕಿಟಕಿಯ ಪಕ್ಕದಲ್ಲಿ ಕುಳಿತು, ಗಾಜಿನ ಕೊಳವೆಯಲ್ಲಿ ಕದಡಿದ ಮಣ್ಣುನೀರು ತಿಳಿಯಾಗುವುದನ್ನೇ ಕಾಯುತ್ತಿದ್ದ ಅವರನ್ನು ಸಹಪಾಠಿಯಾಗಿ ಹತ್ತಿರದಿಂದ ಕಂಡವಳು ನಾನು. ಆ ತಾಳ್ಮೆಯೇ ಅವರ ಎಲ್ಲ ಸಾಧನೆಗಳಿಗಿಂತ ದೊಡ್ಡದೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಸುಮಿತ್ರಾ ಅವರೇ, ತಮ್ಮದೇ ಆದ ಈ ಅಂಗಳಕ್ಕೆ ತಮ್ಮನ್ನು ತುಂಬು ಹೃದಯದಿಂದ ಸ್ವಾಗತಿಸುತ್ತೇನೆ. ದಯವಿಟ್ಟು ತಾವು ಮಾತನಾಡಬೇಕೆಂದು ವಿನಂತಿಸುತ್ತೇನೆ.