ಕದ್ರಾ ಡ್ಯಾಮ್, ಬಂಗಡೆ ಮೀನು ಮತ್ತು dV/dt

ಎಲ್ಲರಿಗೂ ನಮಸ್ಕಾರ. ಫಸ್ಟ್ ಇಯರ್‌ನವರು ಜಾಸ್ತಿ ಬಂದಿದ್ದೀರಿ, ತುಂಬಾ ಖುಷಿಯಾಯ್ತು. ಡಿಫರೆನ್ಷಿಯಲ್ ಇಕ್ವೇಷನ್ ಅಂದ್ರೆ ಪರೀಕ್ಷೆಗೆ ಬಾಯಿಪಾಠ ಮಾಡುವ ವಿಧಾನಗಳು ಅಂತ ನಿಮ್ಮಲ್ಲಿ ಹಲವರು ಅಂದುಕೊಂಡಿರಬಹುದು. ಆ ವಿಧಾನಗಳು ಇವತ್ತು ಬೇಡ. ಕಾಳಿ ನದಿ ಕಡೆ ಹೋಗೋಣ.

ಮಳೆಗಾಲದಲ್ಲಿ ಕದ್ರಾ ಡ್ಯಾಮಿನ ಗೇಟ್ ತೆಗೆಯುತ್ತಾರೆ ಅಂದ ಕೂಡಲೇ ಕೆಳಗಿನ ಊರುಗಳಲ್ಲಿ ಎಲ್ಲರ ಬಾಯಲ್ಲೂ ಎರಡೇ ಮಾತು: ಒಳಹರಿವು ಎಷ್ಟು, ಹೊರಹರಿವು ಎಷ್ಟು? ಅದನ್ನೇ ಬರೆದರೆ:

dV/dt = I − O

V ಅಂದರೆ ಡ್ಯಾಮಿನಲ್ಲಿರುವ ನೀರು, dV/dt ಅದು ಬದಲಾಗುವ ವೇಗ, I ಒಳಹರಿವು, O ಹೊರಹರಿವು. ಒಳಹರಿವು 60 ಸಾವಿರ ಕ್ಯೂಸೆಕ್, ಹೊರಹರಿವು 40 ಸಾವಿರ ಅಂತಿಟ್ಟುಕೊಳ್ಳಿ. ಸಂಜೆ ಮಳೆ ಕಡಿಮೆಯಾಗಿ ಒಳಹರಿವು 45 ಸಾವಿರಕ್ಕೆ ಬಂತು. ಈಗ ಡ್ಯಾಮಿನ ನೀರು ಇಳಿಯುತ್ತಾ? ಇಲ್ಲ, ಇನ್ನೂ ಏರುತ್ತಲೇ ಇರುತ್ತದೆ, ಮೊದಲಿಗಿಂತ ನಿಧಾನವಾಗಿ, ಅಷ್ಟೇ. ಒಳಹರಿವು 40 ಸಾವಿರಕ್ಕಿಂತ ಕೆಳಗೆ ಹೋದ ಮೇಲೇ ಇಳಿಯುವುದು. ಮಳೆ ತಗ್ಗಿದರೂ ನೀರು ಯಾಕೆ ಏರುತ್ತಿದೆ ಅನ್ನೋದಕ್ಕೆ ಉತ್ತರ ಆ ಒಂದೇ ಸಾಲಿನಲ್ಲಿದೆ.

ನಾಳೆ ಎಷ್ಟಿರುತ್ತದೆ ಅಂತ ನಮಗೆ ನೇರವಾಗಿ ಕಾಣುವುದಿಲ್ಲ. ಈಗ ಎಷ್ಟಿದೆ, ಯಾವ ವೇಗದಲ್ಲಿ ಬದಲಾಗುತ್ತಿದೆ ಅನ್ನೋದು ಸಿಗುತ್ತದೆ. ಇವೆರಡರಿಂದ ನಾಳೆಯನ್ನು ಲೆಕ್ಕ ಹಾಕಬಹುದು. ಈ ವಿಷಯ ನನಗೆ ಇಷ್ಟವಾಗೋದೇ ಅದಕ್ಕೆ. ರೇಡಿಯೋಆಕ್ಟಿವ್ ವಸ್ತು ಕ್ಷಯಿಸುವುದಕ್ಕೂ ಇದೇ ದಾರಿ: ಇದ್ದಷ್ಟಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಅಯೋಡಿನ್-131 ಸುಮಾರು 8 ದಿನಕ್ಕೆ ಅರ್ಧವಾಗುತ್ತದೆ.

ಇನ್ನು ಮೀನು. ಕಾರವಾರದಲ್ಲಿ ನಿಂತು ಮೀನಿನ ಮಾತಾಡದೆ ಇರೋಕಾಗುತ್ತಾ! ಮೊದಲ ಮಹಾಯುದ್ಧದ ಕಾಲದಲ್ಲಿ ಇಟಲಿಯ ಪಕ್ಕದ ಏಡ್ರಿಯಾಟಿಕ್ ಸಮುದ್ರದಲ್ಲಿ ಮೀನುಗಾರಿಕೆ ಕಡಿಮೆಯಾಗಿತ್ತು. ಆಗ ಬಲೆಗೆ ಬಿದ್ದ ಮೀನುಗಳಲ್ಲಿ ಶಾರ್ಕಿನಂಥ ಬೇಟೆ ಮೀನುಗಳ ಪಾಲು ಹೆಚ್ಚಾಗಿತ್ತು. ಯಾಕೆ ಹೀಗೆ ಅಂತ ಗಣಿತಜ್ಞ ವಿಟೋ ವೋಲ್ಟೆರಾ 1926ರಲ್ಲಿ ಎರಡು ಸಮೀಕರಣ ಬರೆದರು:

dx/dt = ax − bxy
dy/dt = −cy + dxy

x ಸಣ್ಣ ಮೀನು, y ಅದನ್ನು ತಿನ್ನುವ ಮೀನು. xy ಅಂದರೆ ಅವೆರಡೂ ಎದುರಾಗುವ ಪ್ರಮಾಣ. a, b, c, d ಬರೀ ಸ್ಥಿರ ಸಂಖ್ಯೆಗಳು. ಮೀನು ಹಿಡಿಯುವುದು ಕಡಿಮೆಯಾದರೆ ಸರಾಸರಿಯಲ್ಲಿ ಲಾಭ ಬೇಟೆ ಮೀನಿಗೆ ಅಂತ ಲೆಕ್ಕದಲ್ಲೇ ಬಂತು. ನಮ್ಮಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಅಲ್ವಾ? ಆಗ ನೀರಿನೊಳಗೆ ಏನಾಗುತ್ತದೆ ಅಂತ ಯೋಚಿಸಲು ಇದು ಮೊದಲ ಮೆಟ್ಟಿಲು. ಬಂಗಡೆ, ತಾರ್ಲೆಯ ಲೆಕ್ಕ ಇಷ್ಟು ಸುಲಭವಲ್ಲ. ಕಡಲೊಳಗಿನ ನೀರಿನ ಹರಿವು, ಅದರ ಉಷ್ಣತೆ, ಅವು ತಿನ್ನುವ ಪ್ಲಾಂಕ್ಟನ್ ಎಲ್ಲವನ್ನೂ ಸೇರಿಸಬೇಕು. ಆದರೆ ಸೇರಿಸಬಹುದು!

ಬರುವ ಶನಿವಾರ ಕ್ಲಬ್ಬಿಗೆ ಬರುವಾಗ ಒಬ್ಬೊಬ್ಬರೂ ಒಂದು ಸ್ಟೀಲ್ ಲೋಟ ತನ್ನಿ. ಥರ್ಮಾಮೀಟರ್ ಲ್ಯಾಬಿನಿಂದ ತರುತ್ತೇವೆ. ಬಿಸಿ ಚಹಾ ಹಾಕಿ ಎರಡೆರಡು ನಿಮಿಷಕ್ಕೆ ಉಷ್ಣತೆ ಬರೆದುಕೊಳ್ಳೋಣ. ಮೊದಲ ಹತ್ತು ನಿಮಿಷದ ಅಂಕಿಗಳಿಂದ ಅರ್ಧ ಗಂಟೆಗೆ ಎಷ್ಟಿರುತ್ತದೆ ಅಂತ ಮೊದಲೇ ಬೋರ್ಡ್ ಮೇಲೆ ಬರೆದಿಟ್ಟು, ಆಮೇಲೆ ಅಳೆದು ನೋಡೋಣ.