ಜೂನಿಯರ್ ಆಂಡ್ರಾಯ್ಡ್ ಡೆವಲಪರ್ ಹುದ್ದೆಗೆ ಅರ್ಜಿ

ಇಂದ:
ಕಾವ್ಯ ಎಂ.
ಶಿಡ್ಲಘಟ್ಟ ತಾಲ್ಲೂಕು, ಚಿಕ್ಕಬಳ್ಳಾಪುರ ಜಿಲ್ಲೆ

ಗೆ:
ನೇಮಕಾತಿ ವಿಭಾಗದ ಮುಖ್ಯಸ್ಥರು, ಬೆಂಗಳೂರು

ವಿಷಯ: ಜೂನಿಯರ್ ಆಂಡ್ರಾಯ್ಡ್ ಡೆವಲಪರ್ ಹುದ್ದೆ

ಮಾನ್ಯರೇ,

ನಾನು 2025ರಲ್ಲಿ ಬಿಸಿಎ ಮುಗಿಸಿದ್ದೇನೆ. ಇನ್ನೂ ಎಲ್ಲೂ ಕೆಲಸ ಮಾಡಿಲ್ಲ. ಆದರೆ ನಾನೊಬ್ಬಳೇ ಬರೆದ ಒಂದು ಆ್ಯಪ್ ಪ್ಲೇ ಸ್ಟೋರ್‌ನಲ್ಲಿದೆ. ಹೆಸರು ‘ಹುಳು ಮನೆ ಡೈರಿ’. ಲಿಂಕ್ ನನ್ನ ರೆಸ್ಯೂಮೆಯ ಮೊದಲ ಸಾಲಿನಲ್ಲೇ ಇದೆ.

ನಮ್ಮದು ರೇಷ್ಮೆ ಸಾಕುವ ಮನೆ. ಹುಳುಗಳು ಪೊರೆ ಬಿಡಲು ನಾಲ್ಕು ಸಲ ಜ್ವರಕ್ಕೆ ಕೂರುತ್ತವೆ. ಆಗ ಸೊಪ್ಪು ಹಾಕುವಂತಿಲ್ಲ. ಎದ್ದ ಮೇಲೆ ತಡ ಮಾಡುವಂತೆಯೂ ಇಲ್ಲ. ಅಮ್ಮ ಇದನ್ನೆಲ್ಲ ಕ್ಯಾಲೆಂಡರ್ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಆ ಗುರುತುಗಳೇ ನನ್ನ ಆ್ಯಪ್ ಆದವು. ಮೊದಲು ಆ್ಯಪೇ ದಿನ ಲೆಕ್ಕ ಹಾಕಿ ಹೇಳುತ್ತಿತ್ತು. “ಚಳಿ ಇದ್ರೆ ಹುಳ ನಿಧಾನಕ್ಕೆ ಏಳ್ತವೆ ಕಣೇ, ನಿನ್ನ ಫೋನಿಗೇನು ಗೊತ್ತು?” ಅಂದರು ಅಮ್ಮ. ಈಗ ಅವರು ‘ಎದ್ದಿವೆ’ ಬಟನ್ ಒತ್ತಿದ ಮೇಲೇ ಮುಂದಿನ ದಿನಾಂಕಗಳು ಬದಲಾಗುತ್ತವೆ.

ಕೋಟ್ಲಿನ್, ಜೆಟ್‌ಪ್ಯಾಕ್ ಕಂಪೋಸ್ ಬಳಸಿದ್ದೇನೆ. ಮಾಹಿತಿಯೆಲ್ಲ ರೂಮ್ ಡೇಟಾಬೇಸ್‌ನಲ್ಲಿ ಉಳಿಯುವುದರಿಂದ ನೆಟ್ ಇಲ್ಲದಿದ್ದರೂ ಆ್ಯಪ್ ನಡೆಯುತ್ತದೆ.

ಜಾಸ್ತಿ ಕಲಿಸಿದ್ದು ಸೊಪ್ಪಿನ ಅಲಾರಂ. `WorkManager`ನಲ್ಲಿ ಮಾಡಿದ್ದೆ. ರಾತ್ರಿ ಹನ್ನೊಂದಕ್ಕೆ ಬರಬೇಕಾದ್ದು ಹನ್ನೆರಡು ದಾಟಿ ಬಂತು. ಫೋನ್ ಸುಮ್ನೆ ಬಿದ್ದಿದ್ದಾಗ ಡೋಜ್ ಮೋಡ್ ಅದನ್ನು ಮುಂದೂಡುತ್ತಿತ್ತು. ಆಮೇಲೆ `AlarmManager`ನ `setExactAndAllowWhileIdle()`ಗೆ ಬದಲಿಸಿದೆ. ಸರಿಹೋಯಿತು ಅಂದುಕೊಂಡೆ. ಒಂದು ದಿನ ಕರೆಂಟ್ ಹೋಗಿ ಅಮ್ಮನ ಫೋನ್ ಆಫ್ ಆಯಿತು. ಮತ್ತೆ ಆನ್ ಮಾಡಿದರೂ ಅಲಾರಂ ಬರಲೇ ಇಲ್ಲ. ಫೋನ್ ರೀಸ್ಟಾರ್ಟ್ ಆದರೆ ಅಲಾರಂಗಳು ಅಳಿಸಿಹೋಗುತ್ತವೆ ಎಂದು ನನಗೆ ಅಲ್ಲೇ ಗೊತ್ತಾಗಿದ್ದು. ಈಗ `BOOT_COMPLETED` ಬಂದ ಕೂಡಲೇ ಡೇಟಾಬೇಸ್ ನೋಡಿ ಎಲ್ಲವನ್ನೂ ಮತ್ತೆ ಜೋಡಿಸುತ್ತದೆ. ಆಂಡ್ರಾಯ್ಡ್ 14ರಲ್ಲಿ ಈ ಅಲಾರಂಗೆ ಅನುಮತಿ ತಾನಾಗಿ ಸಿಗುವುದಿಲ್ಲ. ಅದನ್ನು ಯಾಕೆ ಕೊಡಬೇಕು ಎಂದು ಕನ್ನಡದಲ್ಲಿ ಹೇಳಿ ಸೆಟ್ಟಿಂಗ್ಸ್‌ಗೆ ಕರೆದೊಯ್ಯುವ ಒಂದು ಪರದೆ ಸೇರಿಸಿದ್ದೇನೆ.

ಹೊಸ ಅಕೌಂಟ್ ಆದ್ದರಿಂದ ಬಿಡುಗಡೆಗೆ ಮುಂಚೆ 12 ಜನ 14 ದಿನ ಬಿಡದೆ ಟೆಸ್ಟ್ ಮಾಡಬೇಕಿತ್ತು. ಊರಿನ ಮನೆ ಮನೆಗೆ ಹೋಗಿ ಇನ್‌ಸ್ಟಾಲ್ ಮಾಡಿಕೊಟ್ಟೆ. ಪಕ್ಕದ ಮನೆ ಅಜ್ಜನಿಗೆ ಅಕ್ಷರ ಕಾಣುತ್ತಿರಲಿಲ್ಲ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಟ್ಟರೆ ನನ್ನ ಬಟನ್‌ಗಳು ಪರದೆಯಿಂದ ಆಚೆ ಹೋದವು. ಅವತ್ತಿನಿಂದ ಪ್ರತಿ ಪರದೆಯನ್ನೂ ದೊಡ್ಡ ಅಕ್ಷರದಲ್ಲೇ ಮೊದಲು ನೋಡುತ್ತೇನೆ.

ಹಳೇ ಫೋನುಗಳಲ್ಲೂ ಸಲೀಸಾಗಿ ನಡೆಯುವ ಆ್ಯಪ್ ಮಾಡುತ್ತೇವೆ ಎಂದು ನಿಮ್ಮ ಜಾಹೀರಾತಿನಲ್ಲಿ ಓದಿದೆ. ನನಗೂ ಅದೇ ಕೆಲಸ ಬೇಕು. ತಂಡದಲ್ಲಿ ಕೆಲಸ ಮಾಡಿದ ಅನುಭವ ನನಗಿಲ್ಲ. ನನ್ನ ಕೋಡನ್ನು ಬೇರೆಯವರು ತಿದ್ದಿದ್ದೂ ಇಲ್ಲ. ಅನುಭವ ಇರುವವರ ಪಕ್ಕ ಕೂತು ಅದನ್ನು ಕಲಿಯಬೇಕೆಂಬ ಆಸೆ ತುಂಬಾ ಇದೆ.

ಆ್ಯಪಿನ ಪೂರ್ತಿ ಕೋಡ್ ಗಿಟ್‌ಹಬ್‌ನಲ್ಲಿದೆ. ಅಲಾರಂ ಭಾಗವನ್ನು ದಯವಿಟ್ಟು ಒಮ್ಮೆ ನೋಡಿ. ಸಂದರ್ಶನಕ್ಕೆ ಯಾವ ದಿನ ಕರೆದರೂ ಬೆಂಗಳೂರಿಗೆ ಬರುತ್ತೇನೆ. ಕೆಲಸ ಸಿಕ್ಕರೆ ಅಲ್ಲೇ ಉಳಿದುಕೊಳ್ಳಲು ಮನೆಯಲ್ಲೂ ಒಪ್ಪಿದ್ದಾರೆ.

ವಂದನೆಗಳೊಂದಿಗೆ,
ಕಾವ್ಯ ಎಂ.

ಲಗತ್ತು: ರೆಸ್ಯೂಮೆ