ಭಾಗ 4: ಆದ ಕೆಲಸದ ಬೆಲೆ – ಹೊಸ ಡೈರಿ ಘಟಕ ಯೋಜನೆ, ಜೂನ್ 2025ರ ಮಾಸಿಕ ವರದಿ

ಕಳೆದ ತಿಂಗಳ ಆಡಳಿತ ಮಂಡಳಿ ಸಭೆಯಲ್ಲಿ ಮಾನ್ಯ ನಿರ್ದೇಶಕರೊಬ್ಬರು ಕೇಳಿದ ಪ್ರಶ್ನೆಯಿಂದಲೇ ಈ ಭಾಗವನ್ನು ಆರಂಭಿಸುತ್ತೇನೆ. "ಇಷ್ಟು ಹೊತ್ತಿಗೆ ಆಗಬೇಕಿದ್ದ ಖರ್ಚಿಗಿಂತ ಕಡಿಮೆಯೇ ಆಗಿದೆಯಲ್ಲ, ಹಾಗಾದರೆ ಉಳಿತಾಯವಾಗಿದೆ ಎಂದು ತಿಳಿಯಬಹುದೇ?" ಜೂನ್ ಅಂತ್ಯದ ಅಂಕಿಗಳೂ ಮೇಲ್ನೋಟಕ್ಕೆ ಹಾಗೆಯೇ ಕಾಣುತ್ತವೆ. ಯೋಜನೆಯ ಪ್ರಕಾರ ₹60 ಕೋಟಿ ಖರ್ಚಾಗಬೇಕಿತ್ತು, ಆಗಿರುವುದು ₹54 ಕೋಟಿ. ಆದರೆ ಉಳಿತಾಯವೇನೂ ಆಗಿಲ್ಲ. ನಾವು ಕೆಲಸದಲ್ಲೂ ಹಿಂದಿದ್ದೇವೆ, ಹಣದಲ್ಲೂ ಮುಗ್ಗರಿಸಿದ್ದೇವೆ.

ಹೇಗೆಂಬುದಕ್ಕೆ ನಾಟಿಯ ಲೆಕ್ಕವೊಂದನ್ನು ನೋಡೋಣ. ಹತ್ತು ಎಕರೆ ಗದ್ದೆ, ಎಕರೆಗೆ ನಾಟಿಯ ಖರ್ಚು ₹6,000, ದಿನಕ್ಕೆ ಒಂದು ಎಕರೆ. ಐದನೆಯ ದಿನ ಸಂಜೆ ನೀವು ಗದ್ದೆಯ ಬದುವಿನ ಮೇಲೆ ನಿಂತಿದ್ದೀರಿ. ಐದು ಎಕರೆ ಮುಗಿದಿರಬೇಕಿತ್ತು, ಅಂದರೆ ₹30,000ದ ಕೆಲಸ. ಮುಗಿದಿರುವುದು ನಾಲ್ಕು ಎಕರೆ, ಅಂದರೆ ₹24,000ದ ಕೆಲಸ. ಕೂಲಿ ಕೊಟ್ಟದ್ದು ₹27,000. ಜೇಬು ಮಾತ್ರ ನೋಡಿಕೊಂಡವರಿಗೆ ₹3,000 ಉಳಿಯಿತು ಎನ್ನಿಸುತ್ತದೆ. ಗದ್ದೆ ನೋಡಿದವರಿಗೆ ಬೇರೆಯೇ ಕಾಣುತ್ತದೆ: ಒಂದು ಎಕರೆ ಬಾಕಿ, ಆದ ನಾಲ್ಕು ಎಕರೆಗೂ ₹3,000 ಹೆಚ್ಚು ಹೋಗಿದೆ. ಕೂಲಿ ಲೆಕ್ಕ ಯಾವ ಯಜಮಾನನೂ ಜೇಬು ನೋಡಿ ಮಾಡುವುದಿಲ್ಲ, ಗದ್ದೆ ನೋಡಿ ಮಾಡುತ್ತಾನೆ. ಈ ಭಾಗದಲ್ಲಿ ಇರುವುದು ಅದೇ ಲೆಕ್ಕ, ಸೊನ್ನೆಗಳು ಮಾತ್ರ ಹೆಚ್ಚು.

ಹಾಗಾಗಿ ಮೂರು ಅಂಕಿಗಳನ್ನು ಯಾವಾಗಲೂ ಒಟ್ಟಿಗೆ ಓದಬೇಕು. ಈ ದಿನಕ್ಕೆ ಆಗಬೇಕಿದ್ದ ಕೆಲಸದ ಬೆಲೆ (ಯೋಜಿತ ಮೌಲ್ಯ), ನಿಜವಾಗಿ ಆಗಿರುವ ಕೆಲಸಕ್ಕೆ ನಾವು ಮೊದಲು ಕಟ್ಟಿದ್ದ ಬೆಲೆ (ಗಳಿಸಿದ ಮೌಲ್ಯ), ಆ ಕೆಲಸಕ್ಕೆ ತಗುಲಿದ ಖರ್ಚು (ನೈಜ ವೆಚ್ಚ). ಕಳೆದ ವರ್ಷ ಏಪ್ರಿಲ್ 1ಕ್ಕೆ ಆರಂಭವಾದ 24 ತಿಂಗಳ ಯೋಜನೆಯಲ್ಲಿ ಈಗ 15 ತಿಂಗಳು ಮುಗಿದಿವೆ.

| ಕಾಮಗಾರಿ (₹ ಕೋಟಿಗಳಲ್ಲಿ) | ಒಟ್ಟು ಬಜೆಟ್ | ಆಗಬೇಕಿದ್ದ ಕೆಲಸ | ಆದ ಕೆಲಸ | ಆದ ಖರ್ಚು |
|---|---|---|---|---|
| ಕಟ್ಟಡ | 30 | 26 | 20 | 25 |
| ಸಂಸ್ಕರಣಾ ಯಂತ್ರೋಪಕರಣ | 38 | 20 | 18 | 18.5 |
| ಶೈತ್ಯ ವ್ಯವಸ್ಥೆ, ಬಾಯ್ಲರ್ | 14 | 7 | 6 | 6.5 |
| ತ್ಯಾಜ್ಯ ನೀರು ಶುದ್ಧೀಕರಣ ಘಟಕ | 8 | 4 | 1 | 1 |
| ವಿದ್ಯುತ್ ಮತ್ತು ಇತರೆ | 6 | 3 | 3 | 3 |
| ಒಟ್ಟು | 96 | 60 | 48 | 54 |

ಆಗಬೇಕಿದ್ದ ಪ್ರತಿ ರೂಪಾಯಿ ಕೆಲಸದಲ್ಲಿ 80 ಪೈಸೆಯಷ್ಟು ಆಗಿದೆ (48 ಭಾಗಿಸು 60). ಖರ್ಚು ಮಾಡಿದ ಪ್ರತಿ ರೂಪಾಯಿಗೆ 89 ಪೈಸೆಯ ಕೆಲಸ ಸಿಕ್ಕಿದೆ (48 ಭಾಗಿಸು 54). ನಮ್ಮ ಎಂಜಿನಿಯರುಗಳು ಎಸ್‌ಪಿಐ, ಸಿಪಿಐ ಎಂದು ಹೇಳುವುದು ಈ ಎರಡು ಪೈಸೆ ಲೆಕ್ಕಗಳನ್ನೇ. ಎರಡೂ ಒಂದು ರೂಪಾಯಿಗಿಂತ ಕೆಳಗಿದ್ದರೆ ಚಿಂತೆಯ ವಿಷಯ. ನಮ್ಮವು ಮಾರ್ಚ್‌ನಿಂದಲೂ ಕೆಳಗೇ ಇವೆ.

ಲೆಕ್ಕಪತ್ರ ವಿಭಾಗದ ಬ್ಯಾಂಕ್ ಪಟ್ಟಿಯಲ್ಲಿ ಯೋಜನೆಯ ಖಾತೆಯಿಂದ ₹57.1 ಕೋಟಿ ಹೋಗಿದೆ ಎಂದಿದೆ, ಇಲ್ಲಿ ₹54 ಕೋಟಿ ಎಂದಿದೆ, ಎರಡರಲ್ಲಿ ಯಾವುದು ಸರಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಎರಡೂ ಸರಿ. ಇನ್ನೂ ಬಾರದ ಯಂತ್ರಗಳಿಗೆ ಕೊಟ್ಟ ಮುಂಗಡ ₹5.6 ಕೋಟಿಯನ್ನು ಇಲ್ಲಿ ಖರ್ಚೆಂದು ಹಿಡಿದಿಲ್ಲ, ಏಕೆಂದರೆ ಅದಕ್ಕೆ ಪ್ರತಿಯಾಗಿ ಯಾವ ಕೆಲಸವೂ ಆಗಿಲ್ಲ. ಕೆಲಸ ಮುಗಿದಿದ್ದರೂ ಬಿಲ್ಲಿನಲ್ಲಿ ನಾವು ತಡೆಹಿಡಿದಿರುವ ಮತ್ತು ಪಾವತಿಯಾಗಬೇಕಿರುವ ಮೊತ್ತ ₹2.5 ಕೋಟಿಯನ್ನು ಸೇರಿಸಿದ್ದೇವೆ. ಮುಂಗಡ ಕಳೆದು ಬಾಕಿ ಕೂಡಿದರೆ 54 ಬರುತ್ತದೆ.

"ಆದ ಕೆಲಸ" ಎಂಬ ಅಂಕಣ ಯಾರ ಅಂದಾಜೂ ಅಲ್ಲ. ಕಟ್ಟಡದ್ದು ಎಂ.ಬಿ. ಪುಸ್ತಕದಲ್ಲಿ ಅಳತೆಯಾಗಿ ದಾಖಲಾದದ್ದು ಮಾತ್ರ. ಯಂತ್ರಗಳಿಗೆ ಯೋಜನೆ ಆರಂಭವಾದಾಗಲೇ ಒಂದು ನಿಯಮ ಮಾಡಿಕೊಂಡಿದ್ದೆವು: ನಿವೇಶನಕ್ಕೆ ಬಂದಿಳಿದರೆ ಬೆಲೆಯ 60 ಭಾಗ, ಜೋಡಣೆಯಾದರೆ ಇನ್ನು 30, ನೀರು ಹರಿಸಿ ಪರೀಕ್ಷೆ ಮುಗಿಸಿದ ಮೇಲೆ ಉಳಿದ 10. ಮೊನ್ನೆ ಭೇಟಿಗೆ ಬಂದ ನಿರ್ದೇಶಕರು ಗೇಟಿನ ಬಲಕ್ಕೆ ಟಾರ್ಪಾಲು ಹೊದ್ದು ಮಲಗಿದ್ದ ಮೂರು ಸ್ಟೀಲ್ ಸೈಲೊಗಳನ್ನು ನೋಡಿದ್ದಾರೆ. ಅವುಗಳ ಬೆಲೆಯಲ್ಲಿ 60 ಭಾಗವಷ್ಟೇ ಮೇಲಿನ 18 ಕೋಟಿಯಲ್ಲಿ ಸೇರಿದೆ. ಅವು ಇನ್ನೂ ಮಲಗಿರುವುದಕ್ಕೂ ಕಟ್ಟಡದ ಸಾಲಿನಲ್ಲಿರುವ ಅಧಿಕ ಖರ್ಚಿಗೂ ಕಾರಣ ಒಂದೇ.

ಆ ಕಾರಣ ನೆಲದಡಿಯಲ್ಲಿದೆ. ಮಣ್ಣು ಪರೀಕ್ಷೆಯನ್ನು ನಾಲ್ಕು ಕಡೆ ಮಾಡಿಸಿದ್ದೆವು, ಸೈಲೊಗಳು ನಿಲ್ಲಬೇಕಾದ ಈಶಾನ್ಯ ಮೂಲೆಯಲ್ಲಿ ಮಾಡಿಸಿರಲಿಲ್ಲ. ಅಡಿಪಾಯ ತೋಡಿದಾಗ ಅಲ್ಲಿ ಸಿಕ್ಕಿದ್ದು ಆಳವಾದ ಎರೆಮಣ್ಣು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ ಎಂಬುದನ್ನು ರೈತರಾದ ನಿಮಗೆ ನಾನು ಹೇಳಬೇಕಿಲ್ಲ. ಅಂಥ ನೆಲದ ಮೇಲೆ ಹಾಲು ತುಂಬಿದ ಸೈಲೊ ನಿಲ್ಲಿಸಲಾಗದು. ಹಾಗಾಗಿ 64 ಪೈಲ್‌ಗಳನ್ನು ಹೆಚ್ಚುವರಿಯಾಗಿ ಇಳಿಸಬೇಕಾಯಿತು, ಆ ಬಿಲ್ಲು ಏಪ್ರಿಲ್‌ನಲ್ಲಿ ಮಂಜೂರಾಯಿತು. ಪೈಲ್‌ಗಳು ಮೊದಲ ಬಜೆಟ್ಟಿನಲ್ಲಿ ಇರಲಿಲ್ಲವಾದ್ದರಿಂದ ಅವುಗಳ ಹಣ ಖರ್ಚಿನ ಅಂಕಣಕ್ಕೆ ಹೋಗುತ್ತದೆ, ಆದ ಕೆಲಸದ ಅಂಕಣಕ್ಕೆ ಒಂದು ಪೈಸೆಯನ್ನೂ ಸೇರಿಸುವುದಿಲ್ಲ. ಒಟ್ಟು ₹6 ಕೋಟಿ ಅಧಿಕ ವೆಚ್ಚದಲ್ಲಿ ₹5 ಕೋಟಿ ಕಟ್ಟಡ ಒಂದರದ್ದೇ. ಐದನೆಯ ಕಡೆಯೂ ಮಣ್ಣು ತೆಗೆಸಿ ನೋಡದಿದ್ದದ್ದು ನಮ್ಮ ವಿಭಾಗದ ತಪ್ಪು.

ತಿಂಗಳುವಾರು ನೋಡಿದರೆ, ಪ್ರತಿ ರೂಪಾಯಿ ಖರ್ಚಿಗೆ ಸಿಕ್ಕ ಕೆಲಸ ಮಾರ್ಚ್ ಅಂತ್ಯಕ್ಕೆ 95 ಪೈಸೆ ಇದ್ದದ್ದು ಏಪ್ರಿಲ್‌ಗೆ 91ಕ್ಕೆ, ಮೇ ಅಂತ್ಯಕ್ಕೆ 89ಕ್ಕೆ ಇಳಿದು ಅಲ್ಲಿಯೇ ನಿಂತಿದೆ. ವೇಗದ ಅಂಕಿ 86ರಿಂದ 83ಕ್ಕೆ, 79ಕ್ಕೆ ಇಳಿದು ಜೂನ್‌ನಲ್ಲಿ 80ಕ್ಕೆ ಬಂದಿದೆ. ಮೇ ತಿಂಗಳಲ್ಲಿ ಆದದ್ದು ಬರೀ ಒಂದು ಕೋಟಿಯ ಕೆಲಸ. ಈ ವರ್ಷ ಮುಂಗಾರು ಮೇ ಕೊನೆಯ ವಾರದಲ್ಲೇ ಬಂದದ್ದು ನಿಜ, ಆದರೆ ಅದಕ್ಕೂ ಮುಂಚಿನ ಮೂರು ವಾರ ಗುತ್ತಿಗೆದಾರರ ಕಡೆಯಿಂದ ಅರ್ಧದಷ್ಟೂ ಕೆಲಸಗಾರರು ಇರಲಿಲ್ಲ. ಮಳೆಯ ಮೇಲೆ ಪೂರ್ತಿ ಹೊರೆ ಹಾಕುವುದು ನ್ಯಾಯವಲ್ಲ. ಜೂನ್ ಒಂದನ್ನೇ ತೆಗೆದುಕೊಂಡರೆ ₹4 ಕೋಟಿಯ ಗುರಿಗೆ ₹3.8 ಕೋಟಿಯ ಕೆಲಸವಾಗಿದೆ. ಒಂದು ತಿಂಗಳ ಅಂಕಿ ನೋಡಿ ನಾನು ಸಮಾಧಾನಪಡುವುದಿಲ್ಲ.

ಎಷ್ಟು ತಡ? ಇಂದು ನಮ್ಮ ಕೈಯಲ್ಲಿರುವ ₹48 ಕೋಟಿಯ ಕೆಲಸ ಯೋಜನೆಯ ಪ್ರಕಾರ ಮಾರ್ಚ್ 31ಕ್ಕೆ ಮುಗಿಯಬೇಕಿತ್ತು. ಅಂದರೆ 15 ತಿಂಗಳಲ್ಲಿ 12 ತಿಂಗಳಷ್ಟು ದೂರ ನಡೆದಿದ್ದೇವೆ. ಇದೇ ನಡಿಗೆಯಲ್ಲಿ ಹೋದರೆ 24 ತಿಂಗಳ ದಾರಿಗೆ 30 ತಿಂಗಳು ಬೇಕು, ಮುಕ್ತಾಯ 2026ರ ಮಾರ್ಚ್ ಬದಲು ಸೆಪ್ಟೆಂಬರ್. ವೇಗವನ್ನು ರೂಪಾಯಿಯಲ್ಲಿ ಅಳೆಯುವ 80 ಪೈಸೆಯ ಲೆಕ್ಕಕ್ಕೆ ಒಂದು ದೋಷವಿದೆ. ಎಷ್ಟೇ ತಡವಾದ ಯೋಜನೆಯಾದರೂ ಮುಗಿದ ದಿನ ಆ ಅಂಕಿ ತಾನಾಗಿಯೇ ಒಂದು ರೂಪಾಯಿ ಮುಟ್ಟುತ್ತದೆ, ಏಕೆಂದರೆ ಆ ಹೊತ್ತಿಗೆ ಆಗಬೇಕಿದ್ದದ್ದೆಲ್ಲ ಆಗಿರುತ್ತದೆ. ಮುಂದಿನ ವರ್ಷ ಅದು 95, 98 ಎಂದು ಏರುವುದನ್ನು ಕಂಡು ನಾವು ಸುಧಾರಿಸಿದೆವು ಎಂದುಕೊಳ್ಳಬಾರದು. ಆದ್ದರಿಂದ ಇನ್ನು ಮುಂದೆ ಪ್ರತಿ ವರದಿಯಲ್ಲಿ ತಡವನ್ನು ತಿಂಗಳುಗಳಲ್ಲೇ ಹೇಳುತ್ತೇನೆ.

ಈ ಲೆಕ್ಕ ಮುಚ್ಚಿಡುವ ಇನ್ನೊಂದು ಸಂಗತಿಯಿದೆ, ನನ್ನ ಮಟ್ಟಿಗೆ ಈ ತಿಂಗಳ ಮುಖ್ಯ ಸಂಗತಿಯೂ ಅದೇ. ರೂಪಾಯಿ ಲೆಕ್ಕಕ್ಕೆ ದೊಡ್ಡ ಕೆಲಸ ದೊಡ್ಡದಾಗಿ, ಸಣ್ಣ ಕೆಲಸ ಸಣ್ಣದಾಗಿ ಕಾಣುತ್ತದೆ. ಪಟ್ಟಿಯ ನಾಲ್ಕನೆಯ ಸಾಲು ನೋಡಿ. ತ್ಯಾಜ್ಯ ನೀರಿನ ಘಟಕ ಒಟ್ಟು ಬಜೆಟ್ಟಿನಲ್ಲಿ ಬರೀ ₹8 ಕೋಟಿ. ಅಲ್ಲಿ ₹4 ಕೋಟಿಯ ಕೆಲಸ ಆಗಬೇಕಿದ್ದ ಕಡೆ ಆಗಿರುವುದು ಒಂದು ಕೋಟಿ, ರೂಪಾಯಿಗೆ 25 ಪೈಸೆ. ಖರ್ಚು ಹೆಚ್ಚಿಲ್ಲದ್ದರಿಂದ ಆ ಸಾಲು ನೋಡಲು ಸಾಧುವಾಗಿದೆ. ಆದರೆ ಅದು ಚಾಲೂ ಆಗದೆ ಕಾರ್ಯಾಚರಣೆಯ ಸಮ್ಮತಿ ಸಿಗುವುದಿಲ್ಲ, ಸಮ್ಮತಿ ಇಲ್ಲದೆ ₹88 ಕೋಟಿಯ ಉಳಿದೆಲ್ಲವೂ ಹೊಳೆಯುವ ಸ್ಟೀಲಾಗಿ ನಿಂತಿರುತ್ತದೆ. ಮೊದಲು ಗುರುತಿಸಿದ್ದ ಜಾಗ ಊರಿನ ಬಾವಿಗೆ ಹತ್ತಿರವಾಯಿತೆಂದು ಗ್ರಾಮಸ್ಥರು ಆಕ್ಷೇಪಿಸಿದ ಮೇಲೆ ಫೆಬ್ರವರಿಯಲ್ಲಿ ಜಾಗ ಬದಲಿಸಿದೆವು, ಅದು ಸರಿಯಾದ ತೀರ್ಮಾನವೇ. ಪರಿಷ್ಕೃತ ನಕ್ಷೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ನಾವು ಸಲ್ಲಿಸಿದ್ದು ಮಾತ್ರ ಮೇ 19ರಂದು. ಅನುಮತಿ ತಡವಾಗುತ್ತಿದೆ ಎನ್ನುವ ಮೊದಲು ಅರ್ಜಿಯನ್ನೇ ತಡವಾಗಿ ಹಾಕಿದವರು ನಾವು ಎಂಬುದು ದಾಖಲಾಗಿರಲಿ. ಆಗಸ್ಟ್ ಅಂತ್ಯದೊಳಗೆ ಈ ಘಟಕದ ಕಾಂಕ್ರೀಟ್ ಕೆಲಸ ಶುರುವಾಗದಿದ್ದರೆ ಮೇಲೆ ಹೇಳಿದ ಸೆಪ್ಟೆಂಬರ್ 2026 ಕೂಡ ಉಳಿಯುವುದಿಲ್ಲ.

ಇನ್ನು ಹಣ. ಕೊನೆಗೆ ಎಷ್ಟಾಗುತ್ತದೆ ಎಂಬುದಕ್ಕೆ ಎರಡು ರೀತಿ ಲೆಕ್ಕ ಹಾಕಬಹುದು. ಇಲ್ಲಿಯವರೆಗಿನ 89 ಪೈಸೆಯ ಚಾಳಿಯೇ ಮುಂದುವರಿದರೆ ₹96 ಕೋಟಿಯ ಯೋಜನೆ ₹108 ಕೋಟಿಗೆ ಹೋಗಿ ನಿಲ್ಲುತ್ತದೆ. ಉಳಿದ ₹48 ಕೋಟಿಯ ಕೆಲಸವೆಲ್ಲ ಬಜೆಟ್ ದರದಲ್ಲೇ ಮುಗಿದರೆ 54ಕ್ಕೆ 48 ಕೂಡಿ ₹102 ಕೋಟಿ. ಮೊದಲನೆಯದು ಬೇಕಾದ್ದಕ್ಕಿಂತ ಹೆಚ್ಚು ಭಯಪಡಿಸುತ್ತದೆ, ಏಕೆಂದರೆ ಪೈಲ್‌ಗಳನ್ನು ಮತ್ತೊಮ್ಮೆ ಇಳಿಸುವ ಪ್ರಸಂಗ ಬರುವುದಿಲ್ಲ. ಎರಡನೆಯದು ಬೇಕಾದ್ದಕ್ಕಿಂತ ಹೆಚ್ಚು ಆಸೆ ತೋರಿಸುತ್ತದೆ. ಬಾಕಿ ಕೆಲಸಗಳನ್ನು ಒಂದೊಂದಾಗಿ ಈಗಿನ ದರದಲ್ಲಿ ಮತ್ತೆ ಎಣಿಸಿದಾಗ ನಮಗೆ ಬಂದದ್ದು ₹104.5 ಕೋಟಿ. ಮಂಡಳಿ ಈ ಅಂಕಿಯನ್ನು ಇಟ್ಟುಕೊಂಡು ಯೋಚಿಸಬೇಕೆಂದು ಕೋರುತ್ತೇನೆ.

₹96 ಕೋಟಿಯಲ್ಲೇ ಮುಗಿಸಲಾಗದೇ ಎಂಬ ಮಾತಿಗೂ ಉತ್ತರ ಕೊಡಬೇಕು. ಬಜೆಟ್ಟಿನಲ್ಲಿ ಉಳಿದಿರುವುದು ₹42 ಕೋಟಿ, ಉಳಿದಿರುವ ಕೆಲಸ ₹48 ಕೋಟಿಯದು. ಇನ್ನು ಮುಂದೆ ಪ್ರತಿ ರೂಪಾಯಿಯಿಂದ ₹1.14ರ ಕೆಲಸ ತೆಗೆಯಬೇಕು. ಈವರೆಗೆ 89 ಪೈಸೆ ತೆಗೆದವರು ನಾಳೆಯಿಂದ ₹1.14 ತೆಗೆಯುತ್ತೇವೆಂದು ನಾನು ಬರೆದುಕೊಟ್ಟರೆ ನೀವು ನಂಬಬಾರದು.

ಇದಲ್ಲದೆ ಈ ಪಟ್ಟಿಗೆ ಸೇರದ ಒಂದು ಖರ್ಚು ನಮ್ಮ ಹಾಲು ಉತ್ಪಾದಕರ ಜೇಬಿನಿಂದಲೇ ಹೋಗುತ್ತಿದೆ. ಹೊಸ ಘಟಕ ಸಿದ್ಧವಾಗುವವರೆಗೆ ಹೆಚ್ಚುವರಿ ಹಾಲನ್ನು ಹೊರಗಿನ ಘಟಕಕ್ಕೆ ಕಳಿಸಿ ಪುಡಿ ಮಾಡಿಸುತ್ತಿದ್ದೇವೆ. ಸಾಗಣೆ ಮತ್ತು ಪರಿವರ್ತನಾ ವೆಚ್ಚ ಸೇರಿ ತಿಂಗಳಿಗೆ ಸುಮಾರು ₹40 ಲಕ್ಷ. ಆರು ತಿಂಗಳ ತಡಕ್ಕೆ ₹2.4 ಕೋಟಿಯಾಗುತ್ತದೆ. ಇದು ಯೋಜನೆಯ ಲೆಕ್ಕದಲ್ಲಿ ಎಂದೂ ಕಾಣುವುದಿಲ್ಲ, ಒಕ್ಕೂಟದ ಲಾಭ-ನಷ್ಟದ ಪಟ್ಟಿಯಲ್ಲಿ ಕಾಣುತ್ತದೆ.

ಮಂಡಳಿಯಿಂದ ಈ ತಿಂಗಳು ಬೇಕಾಗಿರುವುದು ಎರಡು ತೀರ್ಮಾನ. ಅಂದಾಜು ವೆಚ್ಚವನ್ನು ₹104.5 ಕೋಟಿಗೆ ಪರಿಷ್ಕರಿಸಬೇಕು. ಹೆಚ್ಚಾಗುವ ₹8.5 ಕೋಟಿಯಲ್ಲಿ ₹5 ಕೋಟಿ ಈಗಾಗಲೇ ಆಕಸ್ಮಿಕ ನಿಧಿಯಲ್ಲಿದೆ, ಹೊಸದಾಗಿ ಬೇಕಿರುವುದು ₹3.5 ಕೋಟಿ. ಹಾಗೆಯೇ, ತ್ಯಾಜ್ಯ ನೀರಿನ ಘಟಕದ ಟೆಂಡರ್ ಪತ್ರಗಳನ್ನು ಪರಿಷ್ಕೃತ ನಕ್ಷೆಗೆ ಅನುಮತಿ ಬರುವ ಮುಂಚೆಯೇ ಸಿದ್ಧಪಡಿಸಿಕೊಳ್ಳಲು ಒಪ್ಪಿಗೆ ಕೊಡಬೇಕು, ಕಾರ್ಯಾದೇಶ ಆ ಅನುಮತಿಯ ನಂತರವೇ. ಬಜೆಟ್ ಪರಿಷ್ಕರಿಸಿದರೂ ಹಳೆಯ ₹96 ಕೋಟಿಯ ಅಂಕಣವನ್ನು ಪಟ್ಟಿಯಿಂದ ತೆಗೆಯುವುದಿಲ್ಲ, ಹೊಸದರ ಪಕ್ಕದಲ್ಲೇ ಇಡುತ್ತೇವೆ. ಜುಲೈ ವರದಿ ಕೈಗೆ ಬಂದಾಗ ದಯವಿಟ್ಟು ಒಟ್ಟು ಸಾಲಿಗಿಂತ ಮೊದಲು ನಾಲ್ಕನೆಯ ಸಾಲನ್ನು ಓದಿ.